ರೈಲ್ವೆಯೇ ರದ್ದುಪಡಿಸಿದ ಪ್ರಯಾಣ: ಟಿಕೆಟ್ ಹಣದ ಮರುಪಾವತಿ ಪಡೆಯುವ ಬಗೆ

2024ರ ಜುಲೈ ತಿಂಗಳ ಕೊನೆಯ ವಾರದಲ್ಲಿ ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ ಘಟ್ಟದ ಮಾರ್ಗದಲ್ಲಿ, ಕಡಗರವಳ್ಳಿ ಮತ್ತು ಎಡಕುಮೇರಿ ನಿಲ್ದಾಣಗಳ ಮಧ್ಯೆ, ಭೂಕುಸಿತ ಉಂಟಾಯಿತು. ಬೆಂಗಳೂರು ಮತ್ತು ಮಂಗಳೂರು ನಡುವೆ ಸಂಚರಿಸುವ ರೈಲುಗಳಲ್ಲಿ ಕೆಲವು ಪೂರ್ಣವಾಗಿ ರದ್ದಾದವು, ಕೆಲವು ಬೇರೆ ಮಾರ್ಗ ಹಿಡಿದವು. ಮಳೆಗಾಲದಲ್ಲಿ ಈ ಮಾರ್ಗಕ್ಕೆ ಇಂತಹ ಅಡಚಣೆ ಹೊಸದೇನೂ ಅಲ್ಲ. ಕರಾವಳಿಯ ಗೋಡಂಬಿ, ಅಡಿಕೆ, ಹೆಂಚು ಉದ್ಯಮಗಳೊಡನೆ ವ್ಯವಹರಿಸುವ ವರ್ತಕರಿಗೂ, ಅಲ್ಲಿಗೆ ಯಂತ್ರೋಪಕರಣ ಒದಗಿಸುವ ಪೀಣ್ಯದ ಸಣ್ಣ ಕೈಗಾರಿಕೆಗಳಿಗೂ ಇದರ ಅನುಭವವಿದೆ.

ಪ್ರಯಾಣಿಕನು ತಾನಾಗಿ ಟಿಕೆಟ್ ರದ್ದುಪಡಿಸಿದರೆ ಕಡಿತವಾಗುತ್ತದೆ; ರೈಲ್ವೆಯೇ ರೈಲನ್ನು ರದ್ದುಪಡಿಸಿದರೆ ಪೂರ್ಣ ಹಣ ಮರಳಿ ಬರುತ್ತದೆ. ಇಷ್ಟು ಎಲ್ಲರಿಗೂ ತಿಳಿದ ವಿಷಯ. ಆದರೆ ಆ ಪೂರ್ಣ ಹಣ ಕೆಲವೊಮ್ಮೆ ತಾನಾಗಿಯೇ ಬರುತ್ತದೆ, ಕೆಲವೊಮ್ಮೆ ಕೇಳಿದರೆ ಮಾತ್ರ ಬರುತ್ತದೆ, ಗಡುವು ಮೀರಿ ಕೇಳಿದರೆ ಬಾರದೆಯೂ ಹೋಗಬಹುದು ಎಂಬ ಭೇದವನ್ನು ಅರಿತವರು ಕಡಿಮೆ. ಈ ಭೇದವನ್ನು ಒಂದು ನಿದರ್ಶನದ ಮೂಲಕ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಯಾವ ನಿಯಮ ಅನ್ವಯಿಸುತ್ತದೆ?

1989ರ ರೈಲ್ವೆ ಅಧಿನಿಯಮದ ಅಡಿಯಲ್ಲಿ ರಚಿತವಾದ, ಟಿಕೆಟ್ ರದ್ದತಿ ಮತ್ತು ಪ್ರಯಾಣದರದ ಮರುಪಾವತಿಗೆ ಸಂಬಂಧಿಸಿದ 2015ರ ನಿಯಮಗಳು ಈ ವಿಷಯದ ತಳಹದಿ. ಇವು 2015ರ ನವೆಂಬರ್ 12ರಿಂದ ಜಾರಿಗೆ ಬಂದು, 1998ರ ಹಳೆಯ ನಿಯಮಗಳ ಸ್ಥಾನವನ್ನು ಪಡೆದವು. ಪ್ರಯಾಣಿಕನೇ ರದ್ದುಪಡಿಸುವ ಟಿಕೆಟ್‌ಗಳ ಕಡಿತದ ದರ ಕಾಲಕಾಲಕ್ಕೆ ಪರಿಷ್ಕರಣೆಗೊಳ್ಳುವಂಥದ್ದು. ಆದರೆ ಅಪಘಾತ, ಪ್ರವಾಹ, ಹಳಿ ಕೊಚ್ಚಿಹೋಗುವುದು, ಬಂದ್, ರೈಲು ತಡೆ ಮುಂತಾದ ಕಾರಣಗಳಿಂದ ರೈಲ್ವೆಯೇ ರೈಲನ್ನು ರದ್ದುಪಡಿಸಿದಾಗ ಯಾವ ಕಡಿತವೂ ಇಲ್ಲ ಎಂಬುದು ಮೂಲ ತತ್ವ. ತತ್ಕಾಲ್ ಟಿಕೆಟ್‌ಗೂ ಈ ತತ್ವ ಅನ್ವಯಿಸುತ್ತದೆ. ದೃಢಪಟ್ಟ ತತ್ಕಾಲ್ ಟಿಕೆಟನ್ನು ಪ್ರಯಾಣಿಕನೇ ರದ್ದುಪಡಿಸಿದರೆ ಏನೂ ಬಾರದು. ರೈಲೇ ರದ್ದಾದರೆ ತತ್ಕಾಲ್ ಶುಲ್ಕವೂ ಸೇರಿ ಪೂರ್ಣ ಪ್ರಯಾಣದರ ಮರಳುತ್ತದೆ.

ಒಂದು ನಿದರ್ಶನ

ಪೀಣ್ಯದ ಒಂದು ಸಣ್ಣ ಯಂತ್ರ ತಯಾರಿಕಾ ಘಟಕ ಮಂಗಳೂರಿನ ಗೋಡಂಬಿ ಕಾರ್ಖಾನೆಯೊಂದಕ್ಕೆ ಯಂತ್ರ ಕಳುಹಿಸಿದೆ ಎಂದು ಭಾವಿಸೋಣ. ಅದನ್ನು ಅಳವಡಿಸಲು ಮಾಲೀಕರೂ ಇಬ್ಬರು ತಂತ್ರಜ್ಞರೂ ರಾತ್ರಿಯ ರೈಲಿನಲ್ಲಿ ಹೊರಡಬೇಕು. ಘಟಕದ ಹೆಸರಿನ ಖಾತೆಯಿಂದ ಐ.ಆರ್.ಸಿ.ಟಿ.ಸಿ. ಜಾಲತಾಣದಲ್ಲಿ ಮೂವರಿಗೂ ಒಂದೇ ಪಿ.ಎನ್.ಆರ್. ಅಡಿಯಲ್ಲಿ ಮೂರನೆಯ ದರ್ಜೆಯ ಹವಾನಿಯಂತ್ರಿತ ಬೋಗಿಯ ಟಿಕೆಟ್ ಕಾಯ್ದಿರಿಸಲಾಗಿದೆ. ಲೆಕ್ಕದ ಅನುಕೂಲಕ್ಕಾಗಿ ಒಬ್ಬರ ಪ್ರಯಾಣದರ ರೂ. 1,000 ಎಂದು ಇಟ್ಟುಕೊಂಡರೆ ಮೂವರಿಗೆ ರೂ. 3,000. ಹವಾನಿಯಂತ್ರಿತ ದರ್ಜೆಗೆ ಶೇಕಡಾ 5ರಂತೆ ಸರಕು ಮತ್ತು ಸೇವಾ ತೆರಿಗೆ ರೂ. 150. ಇದರ ಮೇಲೆ ಐ.ಆರ್.ಸಿ.ಟಿ.ಸಿ.ಯ ಅನುಕೂಲ ಶುಲ್ಕ ರೂ. 30, ಅದಕ್ಕೆ ಶೇಕಡಾ 18ರ ತೆರಿಗೆ ಸೇರಿ ರೂ. 35.40. ಪ್ರಯಾಣ ವಿಮೆ ಒಬ್ಬರಿಗೆ 45 ಪೈಸೆಯಂತೆ ರೂ. 1.35. ಬ್ಯಾಂಕ್ ಖಾತೆಯಿಂದ ಹೋದ ಒಟ್ಟು ಮೊತ್ತ ರೂ. 3,186.75.

ಹೊರಡುವ ದಿನ ಬೆಳಗ್ಗೆ ಘಟ್ಟದಲ್ಲಿ ಮಣ್ಣು ಕುಸಿದ ಸುದ್ದಿ ಬರುತ್ತದೆ. ಇಲ್ಲಿಂದ ಮುಂದೆ ಮೂರು ಸಾಧ್ಯತೆಗಳಿವೆ.

ಮೊದಲನೆಯ ಸಾಧ್ಯತೆ: ಆತುರದ ರದ್ದತಿ

ಸುದ್ದಿ ಓದಿದ ಕೂಡಲೇ ಕಚೇರಿಯ ಗುಮಾಸ್ತರು ಟಿಕೆಟನ್ನು ತಾವೇ ರದ್ದುಪಡಿಸಿಬಿಡುವುದು ಸಾಮಾನ್ಯ. ಆದರೆ ಆ ಕ್ಷಣದಲ್ಲಿ ರೈಲ್ವೆ ಇನ್ನೂ ಆ ರೈಲನ್ನು ರದ್ದೆಂದು ಗಣಕ ವ್ಯವಸ್ಥೆಯಲ್ಲಿ ದಾಖಲಿಸಿರದಿದ್ದರೆ, ಅದು ಪ್ರಯಾಣಿಕನ ಸ್ವಂತ ಇಚ್ಛೆಯ ರದ್ದತಿ ಎಂದೇ ಪರಿಗಣಿತವಾಗುತ್ತದೆ. ಹೊರಡುವ ಸಮಯ ಹತ್ತಿರವಾದಷ್ಟೂ ಕಡಿತ ಹೆಚ್ಚು. 2015ರ ನಿಯಮಗಳು ಜಾರಿಗೆ ಬಂದಾಗ ಹೊರಡುವ ಮುನ್ನ 12ರಿಂದ 4 ಗಂಟೆಗಳ ಅವಧಿಯಲ್ಲಿ ಪ್ರಯಾಣದರದ ಅರ್ಧದಷ್ಟು ಕಡಿತವಿತ್ತು. ಹೀಗೆ ಅರ್ಧ ಕಡಿತವಾಯಿತೆಂದು ಭಾವಿಸಿದರೆ ನಮ್ಮ ನಿದರ್ಶನದಲ್ಲಿ ರೂ. 1,500 ಮತ್ತು ಅದರ ಮೇಲಿನ ತೆರಿಗೆ ರೂ. 75 ಹೋಗುತ್ತದೆ, ಮರಳುವುದು ರೂ. 1,575 ಮಾತ್ರ. ಅದೇ ಸಂಜೆ ರೈಲ್ವೆ ಆ ರೈಲನ್ನು ರದ್ದೆಂದು ಪ್ರಕಟಿಸಿದರೂ, ಮೊದಲೇ ರದ್ದಾದ ಟಿಕೆಟ್‌ಗೆ ವ್ಯತ್ಯಾಸದ ಹಣ ತಾನಾಗಿ ಬರುವುದಿಲ್ಲ.

ಆದುದರಿಂದ ಮೊದಲು ಮಾಡಬೇಕಾದುದು ಕಾಯುವುದು ಮತ್ತು ಪರಿಶೀಲಿಸುವುದು. ರೈಲ್ವೆಯ ರಾಷ್ಟ್ರೀಯ ರೈಲು ವಿಚಾರಣಾ ಜಾಲತಾಣದಲ್ಲಿ ಪೂರ್ಣವಾಗಿ ರದ್ದಾದ ರೈಲುಗಳು, ಭಾಗಶಃ ರದ್ದಾದವು, ಮಾರ್ಗ ಬದಲಿಸಿದವು ಎಂಬ ಪ್ರತ್ಯೇಕ ಪಟ್ಟಿಗಳಿರುತ್ತವೆ. 139 ಸಂಖ್ಯೆಗೆ ಕರೆ ಮಾಡಿಯೂ ವಿಚಾರಿಸಬಹುದು. ಯಾವ ಪಟ್ಟಿಯಲ್ಲಿ ತಮ್ಮ ರೈಲು ಇದೆ ಎಂಬುದರ ಮೇಲೆ ಮುಂದಿನ ಕ್ರಮ ನಿಂತಿದೆ. ಆ ಪಟ್ಟಿಯ ಪುಟವನ್ನು ದಿನಾಂಕ ಕಾಣುವಂತೆ ಮುದ್ರಿಸಿ ಅಥವಾ ಚಿತ್ರವಾಗಿ ಉಳಿಸಿಟ್ಟುಕೊಳ್ಳುವುದು ಒಳಿತು. ಕೆಲವು ದಿನಗಳ ಬಳಿಕ ಅದು ಸಿಗುವುದು ಕಷ್ಟ.

ಎರಡನೆಯ ಸಾಧ್ಯತೆ: ರೈಲು ಪೂರ್ಣವಾಗಿ ರದ್ದು

ಹೊರಡುವ ನಿಲ್ದಾಣದಿಂದ ಕೊನೆಯ ನಿಲ್ದಾಣದವರೆಗೂ ರೈಲು ರದ್ದಾದರೆ ಇ-ಟಿಕೆಟ್ ಹೊಂದಿದವರು ಏನೂ ಮಾಡಬೇಕಾಗಿಲ್ಲ. ಟಿಕೆಟ್ ರದ್ದುಪಡಿಸುವ ಅಗತ್ಯವಾಗಲಿ, ಅರ್ಜಿ ಸಲ್ಲಿಸುವ ಅಗತ್ಯವಾಗಲಿ ಇಲ್ಲ. ಹಣ ಯಾವ ಖಾತೆಯಿಂದ ಅಥವಾ ಕಾರ್ಡಿನಿಂದ ಹೋಗಿತ್ತೋ ಅಲ್ಲಿಗೇ, ಸಾಮಾನ್ಯವಾಗಿ ಒಂದು ವಾರದ ಆಸುಪಾಸಿನಲ್ಲಿ, ಜಮೆಯಾಗುತ್ತದೆ.

ನಮ್ಮ ನಿದರ್ಶನದಲ್ಲಿ ಬರಬೇಕಾದುದು ರೂ. 3,150, ಅಂದರೆ ಪ್ರಯಾಣದರ ಮತ್ತು ಅದರ ಮೇಲಿನ ತೆರಿಗೆ. ಅನುಕೂಲ ಶುಲ್ಕ ಮತ್ತು ವಿಮೆಯ ಕಂತು, ಒಟ್ಟು ರೂ. 36.75, ಮರಳುವುದಿಲ್ಲ. ರೈಲ್ವೆ ರದ್ದುಪಡಿಸಿದರೂ ಕಾಯ್ದಿರಿಸುವ ಸೇವೆ ಪೂರ್ಣಗೊಂಡಿತ್ತು ಎಂಬುದು ಇದರ ಹಿಂದಿನ ವಾದ. ಬ್ಯಾಂಕ್ ಪಟ್ಟಿಯನ್ನು ತಾಳೆ ನೋಡುವಾಗ ಈ ಸಣ್ಣ ವ್ಯತ್ಯಾಸ ಕಂಡು ಗೊಂದಲಕ್ಕೆ ಒಳಗಾಗಬೇಕಿಲ್ಲ. ಆದರೆ ವ್ಯತ್ಯಾಸ ಅದಕ್ಕಿಂತ ಹೆಚ್ಚಿದ್ದರೆ ವಿಚಾರಿಸಲೇಬೇಕು.

ಇಲ್ಲಿ ಒಂದು ಎಚ್ಚರಿಕೆ. ಹೋಗುವ ರೈಲು ರದ್ದಾಯಿತೆಂದು ಹಿಂದಿರುಗುವ ಟಿಕೆಟ್ ತಾನಾಗಿ ರದ್ದಾಗುವುದಿಲ್ಲ. ಬೇರೆ ಪಿ.ಎನ್.ಆರ್.ನ ಆ ಟಿಕೆಟ್ ಬೇರೆಯೇ ಒಪ್ಪಂದ. ಹಿಂದಿರುಗುವ ರೈಲೂ ರದ್ದಾಗದಿದ್ದರೆ ಅದಕ್ಕೆ ಸಾಮಾನ್ಯ ಕಡಿತ ಅನ್ವಯಿಸುತ್ತದೆ. ಆದ್ದರಿಂದ ಪ್ರಯಾಣವೇ ಬೇಡವೆಂದು ತೀರ್ಮಾನವಾದ ಕೂಡಲೇ ಅದರ ಬಗ್ಗೆ ಪ್ರತ್ಯೇಕವಾಗಿ ನಿರ್ಧರಿಸಬೇಕು, ತಡಮಾಡಿದಷ್ಟೂ ನಷ್ಟ.

ಮೂರನೆಯ ಸಾಧ್ಯತೆ: ಭಾಗಶಃ ರದ್ದತಿ

ಹೆಚ್ಚಿನ ಹಣ ಕಳೆದುಹೋಗುವುದು ಈ ಸಂದರ್ಭದಲ್ಲಿಯೇ. ಘಟ್ಟ ಮುಚ್ಚಿದೆ, ಆದರೆ ಬಯಲುಸೀಮೆಯ ಮಾರ್ಗ ತೆರೆದಿದೆ. ರೈಲ್ವೆ ಆ ರೈಲನ್ನು ಬೆಂಗಳೂರಿನಿಂದ ಹೊರಡಿಸಿ ಹಾಸನದಲ್ಲಿಯೋ ಸಕಲೇಶಪುರದಲ್ಲಿಯೋ ನಿಲ್ಲಿಸಿಬಿಡಬಹುದು. ಮಂಗಳೂರಿಗೆ ಹೋಗಬೇಕಾದವನ ಪಾಲಿಗೆ ರೈಲು ಇಲ್ಲ. ಆದರೆ ಗಣಕದ ಪಾಲಿಗೆ ರೈಲು ಓಡಿದೆ! ಆದಕಾರಣ ತಾನಾಗಿ ಆಗುವ ಮರುಪಾವತಿ ಇಲ್ಲಿ ನಡೆಯುವುದಿಲ್ಲ. ರೈಲು ರದ್ದಾಯಿತೆಂದು ಪತ್ರಿಕೆಯಲ್ಲಿ ಓದಿ, ಹಣ ಬರುತ್ತದೆಂದು ತಿಂಗಳುಗಟ್ಟಲೆ ಕಾದು ಕುಳಿತವರು ಗಡುವನ್ನು ಕಳೆದುಕೊಳ್ಳುತ್ತಾರೆ.

ಇಂತಹ ಸಂದರ್ಭದಲ್ಲಿ ಪ್ರಯಾಣ ಮಾಡದ ಇ-ಟಿಕೆಟ್‌ದಾರರು ಟಿ.ಡಿ.ಆರ್. ಎಂದು ಕರೆಯಲಾಗುವ ಟಿಕೆಟ್ ಠೇವಣಿ ರಸೀದಿಯ ಅರ್ಜಿಯನ್ನು ಜಾಲತಾಣದಲ್ಲಿಯೇ ಸಲ್ಲಿಸಬೇಕು. ಪ್ರಯಾಣಿಕನು ಹತ್ತಬೇಕಿದ್ದ ನಿಲ್ದಾಣದಿಂದ ರೈಲು ಹೊರಡಬೇಕಾಗಿದ್ದ ನಿಗದಿತ ಸಮಯದಿಂದ 72 ಗಂಟೆಗಳು ಇದಕ್ಕೆ ಗಡುವು. ಮಾರ್ಗ ಬದಲಾಗಿ, ಹತ್ತಬೇಕಿದ್ದ ಅಥವಾ ಇಳಿಯಬೇಕಿದ್ದ ನಿಲ್ದಾಣವನ್ನು ರೈಲು ಮುಟ್ಟದಿದ್ದರೂ ಇದೇ ಗಡುವು. ರೈಲು ಮೂರು ಗಂಟೆಗಿಂತ ಹೆಚ್ಚು ತಡವಾದ ಕಾರಣಕ್ಕೆ ಪ್ರಯಾಣ ಕೈಬಿಡುವವರ ನಿಯಮ ಇದಕ್ಕಿಂತ ಬಿಗಿ: ಆ ರೈಲು ವಾಸ್ತವವಾಗಿ ಹೊರಡುವ ಮುನ್ನವೇ ಅರ್ಜಿ ಸಲ್ಲಿಸಿರಬೇಕು.

ಅರ್ಜಿ ಸಲ್ಲಿಸುವ ಕ್ರಮ ಹೀಗಿದೆ. ಟಿಕೆಟ್ ಕಾಯ್ದಿರಿಸಿದ ಖಾತೆಯನ್ನೇ ತೆರೆದು, My Transactions ವಿಭಾಗದಲ್ಲಿ File TDR ಎಂಬುದನ್ನು ಆರಿಸಬೇಕು. ಸಂಬಂಧಿಸಿದ ಪಿ.ಎನ್.ಆರ್. ಆರಿಸಿ, ಪ್ರಯಾಣ ಮಾಡದ ಪ್ರಯಾಣಿಕರನ್ನು ಗುರುತಿಸಿ, ಪಟ್ಟಿಯಲ್ಲಿರುವ ಕಾರಣಗಳಲ್ಲಿ ಸರಿಯಾದುದನ್ನು ಸೂಚಿಸಬೇಕು. ಕಾರಣದ ಆಯ್ಕೆ ಕೇವಲ ಔಪಚಾರಿಕವಲ್ಲ. ಐ.ಆರ್.ಸಿ.ಟಿ.ಸಿ. ಈ ಅರ್ಜಿಯನ್ನು ಸಂಬಂಧಪಟ್ಟ ವಲಯ ರೈಲ್ವೆಗೆ ಕಳುಹಿಸುತ್ತದೆ. ಹಣ ಕೊಡುವ ಅಥವಾ ನಿರಾಕರಿಸುವ ನಿರ್ಧಾರ ರೈಲ್ವೆಯದೇ. ಅಲ್ಲಿನ ಸಿಬ್ಬಂದಿ ರೈಲಿನ ಓಡಾಟದ ದಾಖಲೆಯನ್ನೂ, ಬೋಗಿಯಲ್ಲಿ ಯಾರು ಪ್ರಯಾಣಿಸಿದರು ಎಂಬ ಟಿಕೆಟ್ ಪರೀಕ್ಷಕರ ದಾಖಲೆಯನ್ನೂ ತಾಳೆ ನೋಡುತ್ತಾರೆ. ರೈಲು ಹಾಸನದಲ್ಲಿ ನಿಂತಿದ್ದಾಗ ‘ರೈಲು ರದ್ದು’ ಎಂಬ ಕಾರಣ ನೀಡಿದರೆ, ದಾಖಲೆಯಲ್ಲಿ ರೈಲು ಓಡಿರುವುದರಿಂದ ಕೋರಿಕೆ ತಿರಸ್ಕೃತವಾಗುವ ಅಪಾಯವಿದೆ. ರೈಲು ಗಮ್ಯ ನಿಲ್ದಾಣವನ್ನು ತಲುಪದೆ ಮೊದಲೇ ಕೊನೆಗೊಂಡಿತು ಎಂಬ ಅರ್ಥದ ಕಾರಣವನ್ನೇ ಆರಿಸಬೇಕು.

ಮೂವರಲ್ಲಿ ಒಬ್ಬ ತಂತ್ರಜ್ಞರು ಹಾಸನದವರೆಗೆ ಹೋಗಿ ಅಲ್ಲಿಂದ ಬಸ್ ಹಿಡಿದಿದ್ದರೆ, ಅವರ ಹೆಸರನ್ನು ಪ್ರಯಾಣ ಮಾಡದವರ ಪಟ್ಟಿಗೆ ಸೇರಿಸಕೂಡದು. ಪರೀಕ್ಷಕರ ದಾಖಲೆಯಲ್ಲಿ ಅವರು ಹಾಜರಿರುತ್ತಾರೆ. ಒಬ್ಬರ ತಪ್ಪು ಘೋಷಣೆಯಿಂದ ಇಡೀ ಅರ್ಜಿಯೇ ಸಂಶಯಕ್ಕೆ ಒಳಗಾಗುತ್ತದೆ.

ಟಿ.ಡಿ.ಆರ್. ಮೂಲಕ ಬರುವ ಹಣಕ್ಕೆ ಎರಡು ತಿಂಗಳು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಸಮಯ ಹಿಡಿಯುತ್ತದೆ. ಅರ್ಜಿಯ ಸ್ಥಿತಿಯನ್ನು ಅದೇ ಖಾತೆಯಲ್ಲಿ ನೋಡಬಹುದು.

ಕೌಂಟರ್‌ನಲ್ಲಿ ಪಡೆದ ಟಿಕೆಟ್

ರೈಲ್ವೆಯ ಮುಂಗಡ ಕಾಯ್ದಿರಿಸುವಿಕೆ ಕೌಂಟರ್‌ನಲ್ಲಿ ನಗದು ಕೊಟ್ಟು ಕೊಂಡ ಕಾಗದದ ಟಿಕೆಟ್‌ಗೆ ತಾನಾಗಿ ಆಗುವ ಮರುಪಾವತಿ ಎಂಬುದೇ ಇಲ್ಲ. ರೈಲು ಪೂರ್ಣವಾಗಿ ರದ್ದಾಗಿದ್ದರೂ ಮೂಲ ಟಿಕೆಟನ್ನು ಕೌಂಟರ್‌ಗೆ ಒಪ್ಪಿಸಲೇಬೇಕು. ರೈಲು ಹೊರಡಬೇಕಿದ್ದ ದಿನವನ್ನು ಬಿಟ್ಟು ನಂತರದ ಮೂರು ದಿನಗಳು ಇದಕ್ಕೆ ಗಡುವು. ಜೆರಾಕ್ಸ್ ಪ್ರತಿಯಾಗಲಿ ಮೊಬೈಲ್ ಚಿತ್ರವಾಗಲಿ ಸಾಲದು. ಲೆಕ್ಕಪತ್ರಕ್ಕೆ ಬೇಕೆಂದು ಟಿಕೆಟನ್ನು ವೋಚರ್‌ಗೆ ಅಂಟಿಸಿ ಕಡತಕ್ಕೆ ಸೇರಿಸುವ ಪದ್ಧತಿ ಹಲವು ಕಚೇರಿಗಳಲ್ಲಿದೆ. ಪ್ರಯಾಣ ಮುಗಿಯುವ ಮುನ್ನ ಹಾಗೆ ಮಾಡಬಾರದು.

ಗಡುವು ಎಷ್ಟು ಮುಖ್ಯ ಎಂಬುದಕ್ಕೆ 2020ರ ಸಂದರ್ಭವೇ ಸಾಕ್ಷಿ. ಆ ವರ್ಷದ ಮಾರ್ಚ್‌ನಲ್ಲಿ ಪ್ರಯಾಣಿಕ ರೈಲುಗಳೆಲ್ಲ ನಿಂತಾಗ ಮೂರು ದಿನಗಳಲ್ಲಿ ಕೌಂಟರ್‌ಗೆ ಹೋಗುವುದು ಯಾರಿಂದಲೂ ಸಾಧ್ಯವಿರಲಿಲ್ಲ. ರೈಲ್ವೆ ವಿಶೇಷ ಆದೇಶಗಳ ಮೂಲಕ ಗಡುವನ್ನು ಆರು ತಿಂಗಳಿಗೂ, ನಂತರ, 2020ರ ಮಾರ್ಚ್ 21ರಿಂದ ಜುಲೈ 31ರವರೆಗಿನ ಪ್ರಯಾಣಗಳಿಗೆ, ಒಂಬತ್ತು ತಿಂಗಳಿಗೂ ವಿಸ್ತರಿಸಿತು. ವಿಶೇಷ ಆದೇಶವಿಲ್ಲದ ಸಾಮಾನ್ಯ ಮಳೆಗಾಲದಲ್ಲಿ ಮೂರು ದಿನ ಎಂದರೆ ಮೂರೇ ದಿನ.

ಕೌಂಟರ್‌ನಲ್ಲಿ ನೇರವಾಗಿ ಹಣ ಸಿಗದ ಸಂದರ್ಭಗಳಲ್ಲಿ ಟಿಕೆಟನ್ನು ಒಪ್ಪಿಸಿ ಟಿ.ಡಿ.ಆರ್. ರಸೀದಿ ಪಡೆಯಬೇಕು. ಆ ಬಳಿಕ ಪ್ರಯಾಣ ಆರಂಭವಾಗಬೇಕಿದ್ದ ದಿನದಿಂದ 10 ದಿನಗಳೊಳಗೆ, ಮೂಲ ರಸೀದಿಯನ್ನು ಲಗತ್ತಿಸಿ, ವಲಯ ರೈಲ್ವೆಯ ಮರುಪಾವತಿ ವಿಭಾಗದ ಮುಖ್ಯ ವಾಣಿಜ್ಯ ವ್ಯವಸ್ಥಾಪಕರಿಗೆ ಅರ್ಜಿ ಸಲ್ಲಿಸಬೇಕು. ಯಾವ ವಲಯಕ್ಕೆ ಎಂಬ ಪ್ರಶ್ನೆಯಲ್ಲಿ ಹಲವರು ಎಡವುತ್ತಾರೆ. ರೈಲು ಯಾವ ವಲಯದ್ದು ಎಂಬುದು ಇಲ್ಲಿ ಮುಖ್ಯವಲ್ಲ. ರಸೀದಿ ಕೊಟ್ಟ ನಿಲ್ದಾಣ ಯಾವ ವಲಯಕ್ಕೆ ಸೇರಿದೆ ಎಂಬುದು ಮುಖ್ಯ. ಬೆಂಗಳೂರಿನಲ್ಲಿ ರಸೀದಿ ಪಡೆದವರು ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಹೊಂದಿರುವ ನೈಋತ್ಯ ರೈಲ್ವೆಗೆ ಬರೆಯಬೇಕು. ಮಂಗಳೂರು ಸೆಂಟ್ರಲ್‌ನಲ್ಲಿ ಪಡೆದವರು ಚೆನ್ನೈಯ ದಕ್ಷಿಣ ರೈಲ್ವೆಗೆ ಬರೆಯಬೇಕು, ಏಕೆಂದರೆ ಆ ನಿಲ್ದಾಣ ಪಾಲಕ್ಕಾಡ್ ವಿಭಾಗಕ್ಕೆ ಸೇರಿದೆ.

ಅರ್ಜಿಯಲ್ಲಿ ಇರಬೇಕಾದ ಪ್ರಯಾಣದ ವಿವರ

ಅರ್ಜಿ ಉದ್ದವಾಗಿರಬೇಕಿಲ್ಲ. ದಾಖಲೆಯೊಡನೆ ತಾಳೆಯಾಗುವ ವಿವರಗಳು ತಪ್ಪಿಲ್ಲದೆ ಇದ್ದರೆ ಸಾಕು. ಮಾದರಿ ಹೀಗಿರಬಹುದು:

‘ಮಾನ್ಯರೇ, ಈ ಕೆಳಗಿನ ಟಿಕೆಟ್‌ಗೆ ಸಂಬಂಧಿಸಿದಂತೆ ಪೂರ್ಣ ಪ್ರಯಾಣದರದ ಮರುಪಾವತಿಯನ್ನು ಕೋರುತ್ತೇವೆ. ಪಿ.ಎನ್.ಆರ್. ಸಂಖ್ಯೆ (10 ಅಂಕಿ): ____. ಟಿಕೆಟ್ ಸಂಖ್ಯೆ: ____. ರೈಲಿನ ಸಂಖ್ಯೆ ಮತ್ತು ಹೆಸರು: ____. ಪ್ರಯಾಣದ ದಿನಾಂಕ: ____. ಹತ್ತಬೇಕಿದ್ದ ನಿಲ್ದಾಣ ಮತ್ತು ಅಲ್ಲಿಂದ ಹೊರಡುವ ನಿಗದಿತ ಸಮಯ: ____. ಇಳಿಯಬೇಕಿದ್ದ ನಿಲ್ದಾಣ: ____. ದರ್ಜೆ, ಬೋಗಿ ಮತ್ತು ಆಸನ: ____. ಪ್ರಯಾಣ ಮಾಡದ ಪ್ರಯಾಣಿಕರ ಹೆಸರುಗಳು: ____. ಪಾವತಿಸಿದ ಮೊತ್ತ: ____. ಸದರಿ ರೈಲು ದಿನಾಂಕ ____ರಂದು ____ ನಿಲ್ದಾಣದಲ್ಲಿ ಕೊನೆಗೊಂಡು ನಮ್ಮ ಗಮ್ಯ ನಿಲ್ದಾಣವನ್ನು ತಲುಪಲಿಲ್ಲ. ಆದುದರಿಂದ ನಾವು ಪ್ರಯಾಣಿಸಿರುವುದಿಲ್ಲ. ಮೂಲ ಟಿ.ಡಿ.ಆರ್. ಲಗತ್ತಿಸಿದೆ.’

ದಿನಾಂಕದ ಬಗ್ಗೆ ವಿಶೇಷ ಗಮನವಿರಲಿ. ಮಧ್ಯರಾತ್ರಿಯ ನಂತರ ಹತ್ತುವ ನಿಲ್ದಾಣವಾದರೆ ರೈಲು ಮೊದಲ ನಿಲ್ದಾಣದಿಂದ ಹೊರಟ ದಿನಾಂಕವೂ ಪ್ರಯಾಣಿಕನು ಹತ್ತುವ ದಿನಾಂಕವೂ ಬೇರೆಬೇರೆ. ರದ್ದತಿಯ ಪ್ರಕಟಣೆಗಳಲ್ಲಿ ಸಾಮಾನ್ಯವಾಗಿ ಇರುವುದು ಮೊದಲನೆಯದು. ಟಿಕೆಟ್‌ನಲ್ಲಿ ಎರಡನ್ನೂ ನೋಡಿ ಅರ್ಜಿಯಲ್ಲಿ ಎರಡನ್ನೂ ಬರೆಯುವುದು ಕ್ಷೇಮ. ಅರ್ಜಿಯನ್ನು ಸ್ವೀಕೃತಿ ಪತ್ರವಿರುವ ಅಂಚೆಯಲ್ಲಿ ಕಳುಹಿಸಿ, ರಸೀದಿಯ ಪ್ರತಿಯನ್ನು ಇಟ್ಟುಕೊಳ್ಳಬೇಕು.

ಏಜೆಂಟರ ಮೂಲಕ ಕಾಯ್ದಿರಿಸಿದಾಗ

ಅಧಿಕೃತ ಏಜೆಂಟರ ಮೂಲಕ ಪಡೆದ ಇ-ಟಿಕೆಟ್‌ನ ಹಣ ಮರಳುವುದು ಏಜೆಂಟರ ಖಾತೆಗೆ. ಎಷ್ಟು ಮರಳಿತು ಎಂಬುದು ಪ್ರಯಾಣಿಕನಿಗೆ ತಿಳಿಯದೆ ಹೋಗುತ್ತಿದ್ದುದನ್ನು ತಪ್ಪಿಸಲು 2019ರ ಅಕ್ಟೋಬರ್‌ನಲ್ಲಿ ಐ.ಆರ್.ಸಿ.ಟಿ.ಸಿ. ಒ.ಟಿ.ಪಿ. ವ್ಯವಸ್ಥೆಯನ್ನು ತಂದಿತು. ಇದರಂತೆ ಮರುಪಾವತಿಯ ಮೊತ್ತ ಮತ್ತು ಒಂದು ಸಂಕೇತ ಸಂಖ್ಯೆ ಪ್ರಯಾಣಿಕನ ಮೊಬೈಲ್‌ಗೆ ಬರುತ್ತದೆ. ಅದನ್ನು ತಿಳಿಸಿ ಏಜೆಂಟರಿಂದ ಹಣ ಪಡೆಯಬೇಕು. ಟಿಕೆಟ್‌ನಲ್ಲಿ ಪ್ರಯಾಣಿಕನ ಮೊಬೈಲ್ ಸಂಖ್ಯೆಯ ಬದಲು ಏಜೆಂಟರ ಸಂಖ್ಯೆ ನಮೂದಾಗಿದ್ದರೆ ಈ ವ್ಯವಸ್ಥೆಯಿಂದ ಪ್ರಯೋಜನವಿಲ್ಲ. ಟಿ.ಡಿ.ಆರ್. ಕೂಡ ಏಜೆಂಟರ ಖಾತೆಯಿಂದಲೇ ಸಲ್ಲಿಕೆಯಾಗಬೇಕಾದುದರಿಂದ 72 ಗಂಟೆಗಳ ಗಡುವನ್ನು ಅವರಿಗೆ ಬರಹದಲ್ಲಿ ನೆನಪಿಸುವುದು ಒಳ್ಳೆಯದು.

ಲೆಕ್ಕಪುಸ್ತಕದಲ್ಲಿ ನಮೂದು

ವ್ಯವಹಾರದ ಪ್ರಯಾಣಕ್ಕೆ ಟಿಕೆಟ್ ಕಾಯ್ದಿರಿಸುವಾಗಲೇ ಘಟಕದ ಜಿ.ಎಸ್.ಟಿ. ನೋಂದಣಿ ಸಂಖ್ಯೆಯನ್ನು ನೀಡಿದ್ದರೆ ರೂ. 150ರ ತೆರಿಗೆಯನ್ನು ಇನ್‌ಪುಟ್ ತೆರಿಗೆ ಜಮೆಯಾಗಿ ಪಡೆಯಲು ಅವಕಾಶವಿದೆ. ಆದರೆ ರೈಲು ರದ್ದಾಗಿ ಆ ರೂ. 150 ಪ್ರಯಾಣದರದೊಡನೆ ಮರಳಿದ ಮೇಲೆ ಜಮೆಯನ್ನು ಉಳಿಸಿಕೊಳ್ಳುವಂತಿಲ್ಲ, ಅದನ್ನು ಹಿಂದಿರುಗಿಸಬೇಕು. ಬ್ಯಾಂಕ್‌ಗೆ ಬಂದ ರೂ. 3,150ನ್ನು ಪೂರ್ತಿಯಾಗಿ ಪ್ರಯಾಣ ವೆಚ್ಚದ ಖಾತೆಗೆ ಜಮೆ ಮಾಡಿ ತೆರಿಗೆಯ ಭಾಗವನ್ನು ಮರೆಯುವುದು ಲೆಕ್ಕಪರಿಶೋಧನೆಯಲ್ಲಿ ಕಂಡುಬರುವ ದೋಷ. ಸರಿಯಾದ ನಮೂದಿನಲ್ಲಿ ರೂ. 3,000 ಪ್ರಯಾಣ ವೆಚ್ಚಕ್ಕೂ, ರೂ. 150 ಇನ್‌ಪುಟ್ ತೆರಿಗೆ ಖಾತೆಗೂ ಜಮೆಯಾಗಬೇಕು.

ಟಿ.ಡಿ.ಆರ್. ಸಲ್ಲಿಸಿ ಹಣ ಬರುವುದಕ್ಕೆ ಮುನ್ನ ಮಾರ್ಚ್ 31 ಬಂದರೆ, ಆ ಮೊತ್ತವನ್ನು ರೈಲ್ವೆಯಿಂದ ಬರತಕ್ಕ ಮರುಪಾವತಿ ಎಂಬ ಪ್ರತ್ಯೇಕ ಖಾತೆಯಲ್ಲಿ, ಪಿ.ಎನ್.ಆರ್. ಸಂಖ್ಯೆಯೊಡನೆ ತೋರಿಸುವುದು ಸೂಕ್ತ. ಇಂತಹ ಖಾತೆಯೊಂದು ಇದ್ದರೆ ಬಾರದ ಹಣ ಪ್ರತಿ ತಿಂಗಳೂ ಕಣ್ಣಿಗೆ ಬೀಳುತ್ತದೆ. ಇಲ್ಲದಿದ್ದರೆ ಪ್ರಯಾಣ ವೆಚ್ಚದ ಒಟ್ಟು ಮೊತ್ತದಲ್ಲಿ ಅದು ಕರಗಿ ಹೋಗುತ್ತದೆ.

ಕೋರಿಕೆ ತಿರಸ್ಕೃತವಾದರೆ

ಮೊದಲು ತಿರಸ್ಕಾರದ ಕಾರಣವನ್ನು ಓದಬೇಕು. ಕಾರಣದ ಆಯ್ಕೆಯಲ್ಲಿ ಆದ ತಪ್ಪಾಗಿದ್ದರೆ, ರೈಲು ಎಲ್ಲಿ ಕೊನೆಗೊಂಡಿತು ಎಂಬ ಪ್ರಕಟಣೆಯ ಪ್ರತಿಯೊಡನೆ ವಲಯದ ಮರುಪಾವತಿ ಕಚೇರಿಗೆ ಪುನಃ ಬರೆಯಬಹುದು. ರೈಲ್ ಮದದ್ ವ್ಯವಸ್ಥೆಯಲ್ಲಿಯೂ ದೂರು ದಾಖಲಿಸಬಹುದು. ಇವುಗಳಿಂದ ಫಲ ಸಿಗದಿದ್ದರೆ ಕಾನೂನಿನ ಮಾರ್ಗವೆಂದರೆ 1987ರ ಅಧಿನಿಯಮದ ಅಡಿಯ ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್. ಪ್ರಯಾಣದರ ಮತ್ತು ಸಾಗಣೆ ದರದ ಮರುಪಾವತಿಯ ವ್ಯಾಜ್ಯಗಳನ್ನು ಆ ಅಧಿನಿಯಮದ 13ನೆಯ ಪ್ರಕರಣ ಈ ನ್ಯಾಯಮಂಡಳಿಗೆ ಒಪ್ಪಿಸಿದೆ. ಇದರ ಪೀಠವೊಂದು ಬೆಂಗಳೂರಿನಲ್ಲಿದೆ. ಹಣ ಪಾವತಿಸಿದ ದಿನದಿಂದ ಮೂರು ವರ್ಷಗಳೊಳಗೆ ಅರ್ಜಿ ಸಲ್ಲಿಸಲು ಅವಕಾಶವಿದೆ.

ರೂ. 3,150ಕ್ಕಾಗಿ ಯಾರೂ ನ್ಯಾಯಮಂಡಳಿಯ ಮೆಟ್ಟಿಲು ಹತ್ತಲಾರರು ಎಂಬುದು ನಿಜ. ಆದರೆ ಮಾರಾಟ ಪ್ರತಿನಿಧಿಗಳನ್ನು ವರ್ಷವಿಡೀ ಊರೂರಿಗೆ ಕಳುಹಿಸುವ ಸಂಸ್ಥೆಯಲ್ಲಿ ಇಂತಹ ಮೊತ್ತಗಳು ಒಂದಲ್ಲ, ಹಲವು. ಅವುಗಳಲ್ಲಿ ಬಹುಪಾಲನ್ನು ಉಳಿಸಿಕೊಳ್ಳಲು ಬೇಕಾದುದು ವ್ಯಾಜ್ಯವಲ್ಲ. ರೈಲು ಪೂರ್ಣವಾಗಿ ರದ್ದಾಯಿತೇ ಅಥವಾ ಭಾಗಶಃ ರದ್ದಾಯಿತೇ ಎಂದು ಅದೇ ದಿನ ನೋಡುವುದು, ಭಾಗಶಃ ಆಗಿದ್ದರೆ ಅಥವಾ ಕಾಗದದ ಟಿಕೆಟ್ ಆಗಿದ್ದರೆ ಮೂರು ದಿನಗಳೊಳಗೆ ಕ್ರಮ ಕೈಗೊಳ್ಳುವುದು, ಇಷ್ಟೇ. ಈ ಕೆಲಸವನ್ನು ಕಚೇರಿಯ ಒಬ್ಬ ನಿರ್ದಿಷ್ಟ ಸಿಬ್ಬಂದಿಗೆ ವಹಿಸಿ, ಟಿಕೆಟ್‌ಗಳ ಪಟ್ಟಿಯೊಂದನ್ನು ಪಿ.ಎನ್.ಆರ್. ಸಮೇತ ಅವರ ಬಳಿ ಇರಿಸುವುದು ಮಳೆಗಾಲಕ್ಕೆ ಮುನ್ನವೇ ಮಾಡಬಹುದಾದ ವ್ಯವಸ್ಥೆ.